ಏಳುವ ಹೊತ್ತು: ನಿವೃತ್ತಿಯ ನಂತರದ ನಿದ್ದೆ ಮತ್ತು ತುಮಕೂರು ಸೀಮೆಯ ದಿನಚರಿ

ಕರ್ನಾಟಕದ ಸರ್ಕಾರಿ ನೌಕರರು ಸಾಮಾನ್ಯವಾಗಿ 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದುತ್ತಾರೆ. ಅಂದು ಸಂಜೆ ಹಾರ, ಶಾಲು, ಗುಂಪು ಫೋಟೊ. ಮಾರನೆಯ ಬೆಳಿಗ್ಗೆ ಏಳಲೇಬೇಕೆಂಬ ಕಾರಣವೇ ಇರುವುದಿಲ್ಲ. ತುಮಕೂರು ನಗರದ ಮಟ್ಟಿಗೆ ಈ ಬದಲಾವಣೆ ಇನ್ನೂ ಚೂಪು. ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ದಿನವೂ ರೈಲಿನಲ್ಲೋ ಬಸ್ಸಿನಲ್ಲೋ ಓಡಾಡುವ ನೌಕರರ ದೊಡ್ಡ ವರ್ಗವೇ ಇಲ್ಲಿದೆ. ಕುಣಿಗಲ್ಲಿನಿಂದಲೂ ಹೀಗೆ ಹೋಗಿಬರುವವರಿದ್ದಾರೆ. ಇವರು ಮಲಗುವ ಹೊತ್ತನ್ನು ಎಂದೂ ಯೋಚಿಸಿ ನಿರ್ಧರಿಸಿದವರಲ್ಲ. ರೈಲಿನ ಸಮಯ ಏಳುವ ಹೊತ್ತನ್ನು ಗೊತ್ತುಮಾಡಿತ್ತು, ಉಳಿದದ್ದು ಅದರ ಹಿಂದೆ ತಾನಾಗಿ ಬಂದಿತ್ತು. ನಿವೃತ್ತರು ಕಳೆದುಕೊಳ್ಳುವುದು ಮುಖ್ಯವಾಗಿ ಈ ಏಳುವ ಹೊತ್ತನ್ನು. ಸರಿಪಡಿಸಲು ಹೊರಟಾಗ ಮಾತ್ರ ಬಹುತೇಕರು ಮಲಗುವ ಹೊತ್ತಿಗೆ ಕೈಹಾಕುತ್ತಾರೆ. ಪ್ರಕಟಿತ ಅಧ್ಯಯನಗಳನ್ನು ತುಮಕೂರು, ಗುಬ್ಬಿ, ಕುಣಿಗಲ್‌ಗಳ ದಿನಚರಿಯ ಪಕ್ಕದಲ್ಲಿಟ್ಟು ಓದಿ, ಈ ಕ್ರಮ ಏಕೆ ತಲೆಕೆಳಗು ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಜನಪ್ರಿಯ ನಂಬಿಕೆಯನ್ನು ಪಕ್ಕಕ್ಕಿಡಬೇಕು. ನಿವೃತ್ತಿ ನಿದ್ದೆಯನ್ನು ಕೆಡಿಸುತ್ತದೆ ಎಂಬ ಮಾತನ್ನು ಅಂಕಿ ಅಂಶಗಳು ಒಪ್ಪುವುದಿಲ್ಲ. ಫ್ರಾನ್ಸಿನ ಅನಿಲ ಮತ್ತು ವಿದ್ಯುತ್ ಕಂಪನಿಯ 14,714 ನೌಕರರನ್ನು ನಿವೃತ್ತಿಗೆ 7 ವರ್ಷ ಮುಂಚಿನಿಂದ 7 ವರ್ಷ ನಂತರದವರೆಗೆ ಹಿಂಬಾಲಿಸಿದ ಗಾಜೆಲ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನಿವೃತ್ತಿಯ ಹಿಂದಿನ ವರ್ಷ ಶೇ. 24ರಷ್ಟು ಜನರಲ್ಲಿದ್ದ ನಿದ್ದೆಯ ತೊಂದರೆ ಮರುವರ್ಷವೇ ಶೇ. 18ರ ಆಸುಪಾಸಿಗೆ ಇಳಿದಿತ್ತು. ಆದರೆ ಆ ನೌಕರರಿಗೆ ಸಂಬಳದ ಬಹುಪಾಲು ಪಿಂಚಣಿಯಾಗಿ ಖಾತ್ರಿಯಿತ್ತು. ಅನಾರೋಗ್ಯದಿಂದ ನಿವೃತ್ತರಾದವರಲ್ಲಿ ಈ ಸುಧಾರಣೆ ಕಾಣಲಿಲ್ಲ, ಅವರ ತೊಂದರೆ ಹೆಚ್ಚಿತು. ಎಂದರೆ ಕೆಲಸದ ಒತ್ತಡ ಇಳಿದು ಹಣದ ಚಿಂತೆ ಏರದಿದ್ದಾಗ ನಿದ್ದೆ ಸುಧಾರಿಸುತ್ತದೆ.

ತುಮಕೂರಿನಲ್ಲಿ ಈ ಷರತ್ತು ಎಲ್ಲರಿಗೂ ಒಂದೇ ರೀತಿ ಅನ್ವಯಿಸದು. 2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದ ರಾಜ್ಯ ನೌಕರರಿಗೆ ಹಳೆಯ ಪಿಂಚಣಿಯಿದೆ, ನಂತರದವರಿಗೆ ಹೊಸ ಯೋಜನೆ. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆಯವರ ಕಥೆ ಬೇರೆಯೇ. ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಾಗ, ವಯಸ್ಸು ತುಂಬುವ ಮೊದಲೇ ಸ್ವಯಂ ನಿವೃತ್ತಿಯ ಹಣ ಪಡೆದು ಹೊರಬರುವ ಪರಿಸ್ಥಿತಿ ಬಂತು. ಇಂಥ ನಿರ್ಗಮನಕ್ಕೂ ಹಾರ ಹಾಕಿಸಿಕೊಂಡ ನಿವೃತ್ತಿಗೂ ಒಂದೇ ಔಷಧ ಹೇಳಲಾಗದು. ಸಾಲದ ಕಂತು ರಾತ್ರಿ 2ಕ್ಕೆ ಎಬ್ಬಿಸುತ್ತಿದ್ದರೆ ನಿದ್ರಾವೇಳಾಪಟ್ಟಿ ಅದನ್ನು ತೀರಿಸುವುದಿಲ್ಲ. ಮುಂದಿನ ಚರ್ಚೆ, ಹಣಕಾಸು ಒಂದು ಹದಕ್ಕೆ ಇದ್ದೂ ನಿದ್ದೆ ಚದುರಿದವರನ್ನು ಕುರಿತದ್ದು.

ನಿದ್ದೆಯನ್ನು ಎರಡು ಶಕ್ತಿಗಳು ಆಳುತ್ತವೆ ಎಂಬ ವಿವರಣೆಯನ್ನು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಮುಂದಿಟ್ಟರು. ಒಂದು ನಿದ್ದೆಯ ಒತ್ತಡ. ಎಚ್ಚರವಿದ್ದಷ್ಟು ಹೊತ್ತೂ ಅದು ಏರುತ್ತದೆ, ಮಲಗಿದಾಗ ಕರಗುತ್ತದೆ. ಮಧ್ಯಾಹ್ನ ಮುದ್ದೆ ಉಂಡು ಒಂದೂವರೆ ಗಂಟೆ ಮಲಗಿದರೆ ರಾತ್ರಿಗಿರಬೇಕಾದ ಒತ್ತಡದ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ. ಎರಡನೆಯದು ಮಿದುಳಿನ ಜೈವಿಕ ಗಡಿಯಾರ. ಅದರ ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು, ಸುಮಾರು 24.2 ಗಂಟೆ. ಹೀಗಾಗಿ ಅದನ್ನು ದಿನವೂ ತಿದ್ದಬೇಕು. ತಿದ್ದುವ ಮುಖ್ಯ ಕೈ ಬೆಳಕಿನದು. 1988ರಲ್ಲಿ ಎಹ್ಲರ್ಸ್, ಫ್ರಾಂಕ್ ಮತ್ತು ಕುಪ್ಫರ್ ಇದಕ್ಕೆ ಇನ್ನೊಂದನ್ನು ಸೇರಿಸಿದರು: ಊಟ, ಕೆಲಸ, ಇತರರೊಡನೆ ಗೊತ್ತಾದ ಭೇಟಿ ಇವೂ ಕಾಲಸೂಚಕಗಳು, ಇವು ತಪ್ಪಿದರೆ ದೇಹದ ಲಯವೂ ಸಡಿಲಗೊಳ್ಳಬಹುದು. ನೌಕರಿ ಎಂಬುದು ಬೆಳಕು, ಭೇಟಿ, ಊಟ ಮೂರನ್ನೂ ಒಟ್ಟಿಗೆ ಕಟ್ಟಿಕೊಡುತ್ತಿದ್ದ ವ್ಯವಸ್ಥೆ. ರೈಲು ಹಿಡಿಯಲು ನಸುಕಿನಲ್ಲಿ ಹೊರಬಿದ್ದವರು ತಮಗರಿವಿಲ್ಲದೆಯೇ ಬೆಳಗಿನ ಬೆಳಕಿಗೆ ಕಣ್ಣೊಡ್ಡುತ್ತಿದ್ದರು.

ಈ ಮೂರರಲ್ಲಿ ಬೆಳಕು ತುಮಕೂರಿನಲ್ಲಿ ಸುಲಭ ಲಭ್ಯ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ಸೂರ್ಯ ಜೂನ್ ಆರಂಭದಲ್ಲಿ 5.55ರ ಸುಮಾರಿಗೂ ಜನವರಿ ಕೊನೆಯಲ್ಲಿ 6.45ರ ಸುಮಾರಿಗೂ ಹುಟ್ಟುತ್ತಾನೆ. ವರ್ಷವಿಡೀ ವ್ಯತ್ಯಾಸ ಒಂದು ಗಂಟೆಯೂ ಇಲ್ಲ. ನಿವೃತ್ತರ ನಿದ್ದೆಯ ಬಗ್ಗೆ ಬಹಳ ಸಂಶೋಧನೆ ನಡೆದಿರುವ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಅದು ಜೂನ್‌ನಲ್ಲಿ 4ರ ಆಸುಪಾಸು, ಡಿಸೆಂಬರ್‌ನಲ್ಲಿ 9 ದಾಟಿ. ಅಲ್ಲಿನ ನಿವೃತ್ತರು ಸೂರ್ಯನನ್ನು ನೆಚ್ಚಿ ಏಳುವಂತಿಲ್ಲ, ಇಲ್ಲಿನವರು ನೆಚ್ಚಬಹುದು. ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಅಮಾನಿಕೆರೆಯ ದಡದಲ್ಲಿ, ಮೋಡವಿದ್ದರೂ, ಸಾವಿರಗಳ ಲೆಕ್ಕ. ಕಿಟಕಿ ಪಕ್ಕ ಕೂತು ಪೇಪರ್ ಓದುವುದು ಬಯಲಿನಲ್ಲಿ ಅರ್ಧ ಗಂಟೆ ನಡೆಯುವುದಕ್ಕೆ ಸಾಟಿಯಲ್ಲ.

ಕೊರತೆ ಇರುವುದು ಆ ಬೆಳಕಿಗೆ ಹೊರಬರುವ ಕಾರಣದಲ್ಲಿ. ಗುಬ್ಬಿ ಅಥವಾ ಕುಣಿಗಲ್ ಕಡೆಯ ಹಳ್ಳಿಯಲ್ಲಿ ಎರಡು ಹಸು ಕಟ್ಟಿರುವ ನಿವೃತ್ತ ಮೇಷ್ಟರನ್ನು ನೋಡಿ. ಹಾಲು ಉತ್ಪಾದಕರ ಸಂಘದ ಡೇರಿ ಬೆಳಿಗ್ಗೆ ಮತ್ತು ಸಂಜೆ ಗೊತ್ತಾದ ಹೊತ್ತಿಗೆ ಹಾಲು ಅಳೆಯುತ್ತದೆ, ತುಮುಲ್ ವಾಹನ ಯಾರಿಗೂ ಕಾಯುವುದಿಲ್ಲ. ಹಸುವಂತೂ ಭಾನುವಾರವನ್ನು ಅರಿಯದು. ಅವರ ಶಾಲೆ ಹೋದರೂ ಏಳುವ ಹೊತ್ತು ಉಳಿಯಿತು. ನಗರದ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡ ಅವರ ಸಹೋದ್ಯೋಗಿಗೆ ಹಾಲು ಪ್ಯಾಕೆಟ್ಟಿನಲ್ಲಿ ಬಾಗಿಲಿಗೇ ಬರುತ್ತದೆ. ಹಳ್ಳಿಯ ಬದುಕು ಆರೋಗ್ಯಕರ ಎಂದು ಹಾಡಿಹೊಗಳುವ ಚಾಳಿ ನಮ್ಮಲ್ಲಿದೆ. ನಿದ್ದೆಯ ದೃಷ್ಟಿಯಿಂದ ಇಲ್ಲಿ ವ್ಯತ್ಯಾಸ ಮಾಡುವುದು ಹಳ್ಳಿಯ ಗಾಳಿಯಲ್ಲ, ತಪ್ಪಿದರೆ ನಷ್ಟವಾಗುವ ಒಂದು ಗೊತ್ತಾದ ಹೊತ್ತು. ಅಂಥ ಹೊತ್ತು ನಗರದಲ್ಲೂ ಸಾಧ್ಯ: ಮೊಮ್ಮಗಳನ್ನು ಶಾಲಾವಾಹನಕ್ಕೆ ಹತ್ತಿಸುವುದು, ಕಾಯುವ ಗೆಳೆಯರಿರುವ ವಾಕಿಂಗ್, ಬೀಗದ ಕೈ ತಮ್ಮ ಬಳಿಯೇ ಇರುವ ಗ್ರಂಥಾಲಯ ಅಥವಾ ದೇವಸ್ಥಾನದ ಕೆಲಸ. ತಾನು ಹೋಗದಿದ್ದರೆ ಇನ್ನೊಬ್ಬರಿಗೆ ತೊಂದರೆಯಾಗಬೇಕು. ಇಲ್ಲದಿದ್ದರೆ ಆ ಹೊತ್ತು ತಿಂಗಳು ಕಳೆಯುವುದರೊಳಗೆ ಕರಗುತ್ತದೆ.

ಕೆಟ್ಟ ದಿನಚರಿಯನ್ನು ಮರಳಿ ಹೇಗೆ ಕಟ್ಟುವುದು ಎಂಬುದಕ್ಕೆ ಒಂದು ಮಾದರಿ ಉದಾಹರಣೆ ತೆಗೆದುಕೊಳ್ಳೋಣ. ಇದು ಯಾರೊಬ್ಬರ ವೃತ್ತಾಂತವಲ್ಲ, ಲೆಕ್ಕ ತಿಳಿಸಲು ಕಟ್ಟಿದ್ದು. ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ನಿವೃತ್ತರಾದ ಗುಮಾಸ್ತರೊಬ್ಬರು ಈಗ ಕೆಲಸವಿಲ್ಲವೆಂದು ರಾತ್ರಿ 9ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಹಾಸಿಗೆ ಬಿಡುತ್ತಾರೆ. ನಡುವೆ ಎರಡು ಮೂರು ಸಲ ಎಚ್ಚರ, ಒಮ್ಮೊಮ್ಮೆ ಗಂಟೆಗಟ್ಟಲೆ ಹೊರಳಾಟ. ಮೊದಲ ಕೆಲಸ, ಎರಡು ವಾರ ನಿದ್ದೆಯ ದಿನಚರಿ ಬರೆಯುವುದು: ಮಲಗಿದ್ದು, ನಿದ್ದೆ ಹತ್ತಿದ್ದು, ಎಚ್ಚರವಾಗಿದ್ದು, ಎದ್ದದ್ದು, ಹಗಲಿನ ಜೋಂಪು. ಬೆಳಿಗ್ಗೆ ಎದ್ದು ಅಂದಾಜಿನಲ್ಲಿ ಬರೆದರೆ ಸಾಕು, ರಾತ್ರಿಯಿಡೀ ಗಡಿಯಾರ ನೋಡಬಾರದು. ಸರಾಸರಿ ತೆಗೆದಾಗ ಹಾಸಿಗೆಯಲ್ಲಿ 600 ನಿಮಿಷ, ನಿದ್ದೆ 360 ನಿಮಿಷ. ನಿದ್ದೆಯನ್ನು ಹಾಸಿಗೆಯ ಹೊತ್ತಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿಗುವುದು ನಿದ್ರಾದಕ್ಷತೆ, ಇಲ್ಲಿ ಶೇ. 60. ಇವರಿಗೆ ನಿದ್ದೆ ಕಡಿಮೆಯಾಗಿಲ್ಲ. ಆರು ಗಂಟೆಯ ನಿದ್ದೆ ಹತ್ತು ಗಂಟೆಯ ಹಾಸಿಗೆಯ ಮೇಲೆ ತೆಳುವಾಗಿ ಹರಡಿಕೊಂಡಿದೆ.

ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಪ್ರಕಟಿಸಿದ ವಿಧಾನದ ಪ್ರಕಾರ ಹಾಸಿಗೆಯ ಹೊತ್ತನ್ನು ನಿದ್ದೆಯಷ್ಟಕ್ಕೇ ಇಳಿಸಬೇಕು. ಏಳುವ ಹೊತ್ತನ್ನು ಮೊದಲು ನಿಲ್ಲಿಸುವುದು, 5.30. ಅಲ್ಲಿಂದ ಆರು ಗಂಟೆ ಹಿಂದಕ್ಕೆ ಎಣಿಸಿದರೆ ಮಲಗುವ ಹೊತ್ತು 11.30. ಮೊದಲ ವಾರ ಕಷ್ಟದ್ದು. ಧಾರಾವಾಹಿ ನೋಡುತ್ತಾ ಸೋಫಾದಲ್ಲಿ ತೂಕಡಿಸಿದರೆ ಎಲ್ಲವೂ ಹಾಳು. ರಾತ್ರಿ 9ರಿಂದ 11.30ರವರೆಗೆ ಕೂತು ಮಾಡುವ ಕೆಲಸಕ್ಕಿಂತ ನಿಂತು ಮಾಡುವ ಕೆಲಸ ಒಳ್ಳೆಯದು. ವಾರದ ಕೊನೆಗೆ 360 ನಿಮಿಷದಲ್ಲಿ 315 ನಿಮಿಷ ನಿದ್ದೆ ಬಂದಿದ್ದರೆ ದಕ್ಷತೆ ಶೇ. 87.5. ಅದು 85 ದಾಟಿದೆಯಾದ್ದರಿಂದ ಮಲಗುವ ಹೊತ್ತನ್ನು 15 ನಿಮಿಷ ಹಿಂದೆ ತಂದು 11.15 ಮಾಡಬಹುದು. ಎರಡನೆಯ ವಾರ 375ರಲ್ಲಿ 330, ಶೇ. 88, ಮತ್ತೆ 15 ನಿಮಿಷ. ಮೂರನೆಯ ವಾರ ಮದುವೆ, ಹಬ್ಬವೆಂದು 390ರಲ್ಲಿ 318ಕ್ಕೆ ಇಳಿದು ಶೇ. 82 ಆಯಿತು ಎಂದುಕೊಳ್ಳಿ. ಆಗ ಹೊತ್ತನ್ನು ಬದಲಿಸದೆ ಇನ್ನೊಂದು ವಾರ ಅಲ್ಲೇ ನಿಲ್ಲಬೇಕು. ಹೀಗೆ ನಡೆದರೆ ಆರೆಂಟು ವಾರದಲ್ಲಿ 10.30ರಿಂದ 5.30ರ ಏಳು ಗಂಟೆಗೆ ಬಂದು ನೆಲೆಸಬಹುದು. ಇಷ್ಟೂ ದಿನ 5.30 ಮಾತ್ರ ಕದಲಬಾರದು, ರಾತ್ರಿ ಎಷ್ಟೇ ಕೆಟ್ಟಿರಲಿ. ಹಗಲು ಮಲಗಲೇಬೇಕೆನಿಸಿದರೆ 3 ಗಂಟೆಗೆ ಮೊದಲು, 20–30 ನಿಮಿಷ.

ಇದೇ ಚಿಕಿತ್ಸೆಯನ್ನು ತಪ್ಪು ವ್ಯಕ್ತಿಗೆ ಕೊಡುವ ಅಪಾಯವಿದೆ. ಸಂಜೆ 8ಕ್ಕೇ ಕಣ್ಣು ಎಳೆದು ನಸುಕಿನ 3ಕ್ಕೆ ಎಚ್ಚರವಾಗುವ ಹಿರಿಯರ ದಿನಚರಿ ಬರೆಸಿದರೆ ಏಳು ಗಂಟೆಯ ಗಟ್ಟಿ ನಿದ್ದೆಯೇ ಸಿಗುತ್ತದೆ. ಅವರ ಗಡಿಯಾರ ವಯಸ್ಸಿನೊಂದಿಗೆ ಮುಂಚಿತವಾಗಿದೆ, ಅಷ್ಟೆ. ಇವರನ್ನು ನಸುಕಿನ ವಾಕಿಂಗ್‌ಗೆ ಕಳಿಸಿದರೆ ಆ ಬೆಳಕು ಗಡಿಯಾರವನ್ನು ಇನ್ನಷ್ಟು ಮುಂಚಿತಗೊಳಿಸಬಹುದು. ಇವರಿಗೆ ಬೇಕಾದದ್ದು ಸಂಜೆ 5ರಿಂದ 6.30ರ ಬಯಲಿನ ಬೆಳಕು, ನಂತರ ದೀಪವಿರುವ ಕೋಣೆಯಲ್ಲಿ ಮಾತುಕತೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು ಎಲ್ಲರಿಗೂ ಒಳ್ಳೆಯದೆಂಬ ಸಲಹೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ವೇಳಾಪಟ್ಟಿಗೆ ಬಗ್ಗದ ತೊಂದರೆಗಳೂ ಇವೆ. ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು, ಬೆಳಿಗ್ಗೆ ತಲೆನೋವು ಇದ್ದರೆ ಅದು ಉಸಿರಾಟದ ಪರೀಕ್ಷೆ ಬೇಡುವ ಸ್ಥಿತಿ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವವರು ಸಕ್ಕರೆ, ಪ್ರಾಸ್ಟೇಟ್ ಮತ್ತು ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯ ಹೊತ್ತನ್ನು ವೈದ್ಯರೊಡನೆ ಮಾತಾಡಬೇಕು. ಮೂರ್ಛೆರೋಗ, ಬೈಪೋಲಾರ್ ಕಾಯಿಲೆ, ಬೀಳುವ ಭಯ ಇರುವವರು ಮತ್ತು ದಿನವೂ ವಾಹನ ಓಡಿಸುವವರು ಹಾಸಿಗೆಯ ಹೊತ್ತು ಕಡಿತವನ್ನು ತಾವಾಗಿ ಶುರುಮಾಡಬಾರದು. ಅಲ್ಪ್ರಜೋಲಾಮ್‌ನಂಥ ಮಾತ್ರೆ ಹಿರಿಯರಲ್ಲಿ ಬೀಳುವ, ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚಿಸುತ್ತದೆ. ಆದರೂ ಬಹುಕಾಲ ನುಂಗಿದವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಕಣ್ಗಾವಲಿನಲ್ಲಿ ಇಳಿಸುತ್ತಾ ಬರಬೇಕು.

ನಸುಕಿನ ಎಚ್ಚರದ ಜೊತೆಗೆ ಊಟ ಸೇರದಿರುವುದು, ಯಾವುದರಲ್ಲೂ ಆಸೆಯಿಲ್ಲದಿರುವುದು, ತಾನು ಬೇಡವಾದವನೆಂಬ ಮಾತು ಎರಡು ವಾರ ಮೀರಿದರೆ ಅದನ್ನು ಖಿನ್ನತೆಯೆಂದು ಶಂಕಿಸಿ ತೋರಿಸಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ಗೊತ್ತುಮಾಡಿರುವುದು ಮಂಗಳವಾರ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.