ತಲೆಕೆಳಗಾದ ಇಳುವರಿ ರೇಖೆ ಹೇಳುವುದೇನು?

ಸರ್ಕಾರಕ್ಕೆ ಹತ್ತು ವರ್ಷಕ್ಕೆ ಸಾಲ ಕೊಟ್ಟವರಿಗೆ, ಮೂರು ತಿಂಗಳಿಗೆ ಕೊಟ್ಟವರಿಗಿಂತ ಹೆಚ್ಚು ಇಳುವರಿ ಸಿಗುವುದು ವಾಡಿಕೆ. ಅವಧಿ ಉದ್ದವಾದಷ್ಟೂ ಅಪಾಯ ಹೆಚ್ಚು. ಅವಧಿಗೆ ತಕ್ಕಂತೆ ಇಳುವರಿಯನ್ನು ಗುರುತಿಸುತ್ತ ಹೋದರೆ ಸಿಗುವ ರೇಖೆ ಸಾಮಾನ್ಯವಾಗಿ ಮೇಲ್ಮುಖ. ಅಲ್ಪಾವಧಿಯ ಇಳುವರಿಯೇ ದೀರ್ಘಾವಧಿಯದನ್ನು ಮೀರಿದಾಗ ರೇಖೆ ತಲೆಕೆಳಗಾಯಿತು ಎನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೂ ಆರ್ಥಿಕ ಬೆಳವಣಿಗೆಗೂ ಇರುವ ನಂಟನ್ನು ಕ್ಯಾಂಪ್‌ಬೆಲ್ ಹಾರ್ವೆ 1986ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ತೋರಿಸಿದರು.

ಹೀಗಾಗುವುದೇಕೆ? ಇಂದು ಒಂದು ವರ್ಷದ ಸಾಲಕ್ಕೆ ಶೇ. 5 ಬಡ್ಡಿ ಇದೆ, ಮುಂದಿನ ವರ್ಷ ಅದು ಶೇ. 3ಕ್ಕೆ ಇಳಿಯುತ್ತದೆ ಎಂಬ ನಿರೀಕ್ಷೆಯೂ ಇದೆ ಎನ್ನಿ. ಆಗ ಎರಡು ವರ್ಷದ ಬಾಂಡಿಗೆ ವರ್ಷಕ್ಕೆ ಸುಮಾರು ಶೇ. 4 ಸಿಕ್ಕರೂ ಹೂಡಿಕೆದಾರ ಒಪ್ಪುತ್ತಾನೆ. ಎರಡು ದಾರಿಯಲ್ಲೂ ಅವನ ಕೈಸೇರುವುದು ಹೆಚ್ಚುಕಡಿಮೆ ಒಂದೇ. ಅಂದರೆ ರೇಖೆ ನೇರವಾಗಿ ಹೇಳುವುದು ಇಷ್ಟೇ: ಬಡ್ಡಿದರ ಇಳಿಯಲಿದೆ ಎಂದು ಮಾರುಕಟ್ಟೆ ನಂಬಿದೆ. ಕೇಂದ್ರ ಬ್ಯಾಂಕುಗಳು ಬಡ್ಡಿ ಇಳಿಸುವುದು ಹೆಚ್ಚಾಗಿ ಆರ್ಥಿಕತೆ ಕುಗ್ಗಿದಾಗ. ತಲೆಕೆಳಗಾದ ರೇಖೆ ಹಿಂಜರಿತದ ಎಚ್ಚರಿಕೆ ಎಂಬ ಓದು ಹುಟ್ಟಿದ್ದು ಇಲ್ಲಿಂದಲೇ.

2006ರ ಉದಾಹರಣೆ ನೋಡಿ. ಆ ವರ್ಷದ ಜೂನ್‌ನಲ್ಲಿ ಫೆಡರಲ್ ರಿಸರ್ವ್ ತನ್ನ ದರವನ್ನು ಶೇ. 5.25ಕ್ಕೆ ಏರಿಸಿತು. ವರ್ಷದ ಕೊನೆಗೆ ಮೂರು ತಿಂಗಳ ಖಜಾನೆ ಪತ್ರದ ಇಳುವರಿ ಶೇ. 5ರ ಆಸುಪಾಸಿನಲ್ಲಿತ್ತು, ಹತ್ತು ವರ್ಷದ ಬಾಂಡಿನದು ಶೇ. 4.6ರಷ್ಟು. ಹಿಂಜರಿತ ಆರಂಭವಾದದ್ದು 2007ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಫೆಡ್ ದರ ಇಳಿಸತೊಡಗಿತ್ತು, ರೇಖೆ ಮತ್ತೆ ಮೇಲ್ಮುಖವಾಗಿತ್ತು! ರೇಖೆ ಸರಿಹೋಯಿತೆಂದರೆ ಗಂಡಾಂತರ ಕಳೆಯಿತೆಂದು ತಿಳಿಯುವವರು ಎಡವುವುದು ಇಲ್ಲೇ.

ಆದರೆ ಬಡ್ಡಿ ಇಳಿಯಲು ಹಿಂಜರಿತವೇ ಬೇಕಿಲ್ಲ, ಹಣದುಬ್ಬರ ತಗ್ಗಿದರೂ ಸಾಕು. 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಫೆಡ್ ಬೆಲೆಯೇರಿಕೆಗೆ ಕಡಿವಾಣ ಹಾಕಲು ದರವನ್ನು ಸೊನ್ನೆಯ ಅಂಚಿನಿಂದ ಶೇ. 5.25–5.50ಕ್ಕೆ ಒಯ್ದಿತು. ಎರಡು ಮತ್ತು ಹತ್ತು ವರ್ಷದ ಬಾಂಡುಗಳ ನಡುವಿನ ರೇಖೆ 2022ರ ಜುಲೈನಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ತಲೆಕೆಳಗಾಗಿಯೇ ಇತ್ತು. ಆ ಅವಧಿಯಲ್ಲಿ ಹಿಂಜರಿತ ಬರಲಿಲ್ಲ. ಇದಕ್ಕೆ ಒಂದು ಕಾರಣ, ಅಮೆರಿಕದ ಬಹುಪಾಲು ಗೃಹಸಾಲಗಳು ಸ್ಥಿರ ಬಡ್ಡಿಯವು. ಹಿಂದೆ ಕಡಿಮೆ ದರಕ್ಕೆ ಸಾಲ ಪಡೆದವರ ಕಂತು ಏರಲಿಲ್ಲ. ಹಣದುಬ್ಬರ ತಗ್ಗಿತು, 2024ರ ಸೆಪ್ಟೆಂಬರಿನಲ್ಲಿ ಫೆಡ್ ದರ ಇಳಿಸಿತು. ಬಡ್ಡಿ ಇಳಿಯುತ್ತದೆ ಎಂಬ ಮುನ್ಸೂಚನೆ ನಿಜವಾಯಿತು. ಅದಕ್ಕೆ ಜನ ಊಹಿಸಿದ್ದ ಕಾರಣ ಮಾತ್ರ ಬೇರೆಯಾಗಿತ್ತು.

1960ರ ದಶಕದ ಕೊನೆಯಿಂದ ಅಮೆರಿಕ ಕಂಡ ಹಿಂಜರಿತಗಳು ಎಂಟೇ. ಇಷ್ಟು ಸಣ್ಣ ಲೆಕ್ಕದಲ್ಲಿ ಒಂದೊಂದನ್ನೂ ಜೋಪಾನವಾಗಿ ತೂಗಬೇಕು. 2019ರಲ್ಲೂ ರೇಖೆ ತಲೆಕೆಳಗಾಗಿತ್ತು, 2020ರಲ್ಲಿ ಹಿಂಜರಿತ ಬಂತು. ಆದರೆ ಅದನ್ನು ತಂದದ್ದು ಕೋವಿಡ್. ಅದನ್ನೂ ರೇಖೆಯ ಗೆಲುವಿನ ಪಟ್ಟಿಗೆ ಸೇರಿಸುವುದು ನನ್ನ ಮಟ್ಟಿಗೆ ಸರಿಯಲ್ಲ.