ಸ್ನಾನಗೃಹದ ವೈರಿಂಗ್: ಗೀಸರ್ ಮತ್ತು ಎಕ್ಸಾಸ್ಟ್ ಫ್ಯಾನ್

ಸ್ನಾನಗೃಹದಲ್ಲಿ ನೀರು ಕಾಯಿಸುವ ಗೀಸರಿಗೂ ಹಬೆ ಹೊರಹಾಕುವ ಎಕ್ಸಾಸ್ಟ್ ಫ್ಯಾನಿಗೂ ವಿದ್ಯುತ್ ಸಂಪರ್ಕ ಕೊಡುವ ವ್ಯವಸ್ಥೆ. ಭಾರತದ ಮನೆಗಳಲ್ಲಿ ಸಾಮಾನ್ಯವಾದ 2000 ವಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೀಪಕ್ಕೆ ಬಳಸುವ 6 ಆಂಪಿಯರ್ ಸ್ವಿಚ್ಚು ಇದನ್ನು ತಾಳದೆ ಬಿಸಿಯಾಗಿ ಕರಗಬಹುದು. ಸ್ವಿಚ್ ಹಳದಿಗಟ್ಟುವುದು, ಸುಟ್ಟ ವಾಸನೆ ಬರುವುದು ಇದರ ಮೊದಲ ಸೂಚನೆ.

ಆದ್ದರಿಂದ ಗೀಸರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ತಂತಿ ಮತ್ತು ಅರ್ಥಿಂಗ್ ಎಳೆದು, 20 ಆಂಪಿಯರಿನ ಡಬಲ್ ಪೋಲ್ ಸ್ವಿಚ್ ಹಾಕುತ್ತಾರೆ. ಇದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಫ್ಯಾನಿಗೆ ಬೇರೆ ಸರ್ಕ್ಯೂಟಿನ 6 ಆಂಪಿಯರ್ ಸ್ವಿಚ್ ಸಾಕು.

ಒದ್ದೆ ಕೈ ತಾಗದಂತೆ ಎರಡೂ ಸ್ವಿಚ್ಚುಗಳು ಬಾಗಿಲ ಹೊರಗಿರಬೇಕು. ಫ್ಯಾನನ್ನು ಷವರಿನ ನೀರು ಸಿಡಿಯದಷ್ಟು ಎತ್ತರದಲ್ಲಿ ಕೂರಿಸಿ, ತಂತಿಯನ್ನು ಕೆಳಕ್ಕೆ ಬಾಗಿಸಿ ಒಳತರುವುದರಿಂದ ಹಬೆಯ ಹನಿ ಟರ್ಮಿನಲ್ಲಿಗೆ ಇಳಿಯುವುದಿಲ್ಲ.

ಕೊನೆಯ ರಕ್ಷಣೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಗಡಸು ನೀರಿನಲ್ಲಿ ಹೀಟಿಂಗ್ ಎಲಿಮೆಂಟಿನ ಹೊರಕವಚ ಸವೆದು ಸೀಳಿದಾಗ ವಿದ್ಯುತ್ ಸೋರುತ್ತದೆ; ಆಗ ಆರ್‌ಸಿಸಿಬಿ ಸಂಪರ್ಕ ಕಡಿಯುತ್ತದೆ. ಗೀಸರ್ ಹಾಕಿದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತಿದ್ದರೆ ದೋಷ ಬಹುಪಾಲು ಎಲಿಮೆಂಟಿನದೇ. ಆಗ ಎಲಿಮೆಂಟ್ ಬದಲಿಸಬೇಕೇ ಹೊರತು ಆರ್‌ಸಿಸಿಬಿ ತಪ್ಪಿಸಿ ನೇರ ಸಂಪರ್ಕ ಕೊಡಬಾರದು. ಕೆಲಸವನ್ನು ಮೇನ್ ಆಫ್ ಮಾಡಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಮಾಡಿಸಬೇಕು.