ಅಲಗಿನ ಗ್ರೈಂಡ್

ಅಲಗಿನ ಗ್ರೈಂಡ್ ಎಂದರೆ ಚಾಕು, ಮಚ್ಚು ಮುಂತಾದ ಉಪಕರಣಗಳ ಅಲಗು ದಪ್ಪನೆಯ ಬೆನ್ನಿನಿಂದ ಹರಿತವಾದ ಬಾಯಿಯ ಕಡೆಗೆ ತೆಳುವಾಗುತ್ತ ಬರುವ ರೀತಿ. ಅಲಗಿನ ಅಡ್ಡಸೀಳಿಕೆಯ ಆಕಾರವನ್ನು ಅನುಸರಿಸಿ ಇದರಲ್ಲಿ ಫ್ಲ್ಯಾಟ್, ಹಾಲೋ, ಸ್ಕ್ಯಾಂಡಿ ಮತ್ತು ಕಾನ್ವೆಕ್ಸ್ ಎಂಬ ಮುಖ್ಯ ಬಗೆಗಳಿವೆ. ಅಲಗು ಎಷ್ಟು ಸುಲಭವಾಗಿ ಕತ್ತರಿಸುತ್ತದೆ ಎಂಬುದು ಬಾಯಿಯ ಹರಿತದಿಂದ ಮಾತ್ರವಲ್ಲ, ಬಾಯಿಯ ಹಿಂದಿನ ದಪ್ಪದಿಂದಲೂ ನಿರ್ಧಾರವಾಗುತ್ತದೆ.

ದಪ್ಪದ ಲೆಕ್ಕ

ಬೆನ್ನು 3 ಮಿ.ಮೀ. ದಪ್ಪ, ಅಲಗು 30 ಮಿ.ಮೀ. ಅಗಲವಿರುವ ಎರಡು ಚಾಕುಗಳನ್ನು ಹೋಲಿಸಬಹುದು. ಫ್ಲ್ಯಾಟ್ ಗ್ರೈಂಡಿನಲ್ಲಿ ಇಳಿಜಾರು ಬೆನ್ನಿನಿಂದಲೇ ನೇರವಾಗಿ ಇಳಿಯುವುದರಿಂದ, ಬಾಯಿಯಿಂದ 5 ಮಿ.ಮೀ. ಹಿಂದೆ ದಪ್ಪ ಸುಮಾರು ಅರ್ಧ ಮಿ.ಮೀ. ಮಾತ್ರ. ನಾರ್ಡಿಕ್ ದೇಶಗಳ ಚಾಕುಗಳಿಂದ ಹೆಸರು ಪಡೆದ ಸ್ಕ್ಯಾಂಡಿಯಲ್ಲಿ ಇಳಿಜಾರು ಕೆಳಭಾಗದಲ್ಲಷ್ಟೇ ಇರುತ್ತದೆ. ಅದು 7 ಮಿ.ಮೀ. ಎತ್ತರವಿದ್ದರೆ ಅದೇ ಜಾಗದಲ್ಲಿ ದಪ್ಪ 2 ಮಿ.ಮೀ. ದಾಟುತ್ತದೆ. ಆದ್ದರಿಂದ ಸ್ಕ್ಯಾಂಡಿ ಮರ ಕೆತ್ತಲು ಒಳ್ಳೆಯದು. ಗಜ್ಜರಿಯನ್ನು ಮಾತ್ರ ಕೊಯ್ಯುವ ಬದಲು ಸೀಳಿಬಿಡುತ್ತದೆ. ಹಾಲೋ ಗ್ರೈಂಡಿನ ಬದಿಗಳು ಒಳಕ್ಕೆ ಬಾಗಿರುವುದರಿಂದ ಬಾಯಿ ಅತಿ ತೆಳು. ಕ್ಷೌರದ ಕತ್ತಿ ಇದಕ್ಕೆ ಪರಿಚಿತ ಉದಾಹರಣೆ.

ತೆಂಗಿನ ಮಚ್ಚು

ದೇವರಾಯನದುರ್ಗದ ಸುತ್ತಲಿನ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ ತೆಂಗಿನ ತೋಟಗಳ ನಾಡು. ಎಳನೀರು ಕೆತ್ತುವ ಮಚ್ಚು ಮೆತ್ತನೆಯ ಹಸಿ ಸಿಪ್ಪೆಯನ್ನೂ ದಾಟಬೇಕು, ಬಲಿತ ಕಾಯಿಯಾದರೆ ಗಟ್ಟಿ ಕರಟದ ಪೆಟ್ಟನ್ನೂ ತಾಳಬೇಕು. ಹಾಲೋ ಅಲಗು ಇಲ್ಲಿ ನಿಲ್ಲುವುದಿಲ್ಲ. ಅದರ ಬಾಯಿ ಮಡಚಿಕೊಳ್ಳುತ್ತದೆ, ಉಕ್ಕು ಗಡಸಾಗಿದ್ದರೆ ಚಕ್ಕೆ ಏಳುತ್ತದೆ. ಈ ಕೆಲಸಕ್ಕೆ ಹೊಂದುವುದು ಬದಿಗಳು ಹೊರಕ್ಕೆ ಉಬ್ಬಿದ ಕಾನ್ವೆಕ್ಸ್. ಬಾಯಿಯ ಹಿಂದೆಯೇ ಲೋಹ ತುಂಬಿಕೊಂಡಿರುವುದರಿಂದ ಪೆಟ್ಟು ತಡೆಯುತ್ತದೆ. ಉಬ್ಬು ನಾರನ್ನು ಬದಿಗೆ ಸರಿಸುವುದರಿಂದ ಅಲಗು ಸಿಪ್ಪೆಯಲ್ಲಿ ಕಚ್ಚಿಕೊಳ್ಳುವುದೂ ಕಡಿಮೆ. ಆದರೆ ಇದೇ ಮಚ್ಚಿನಿಂದ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಲಾಗದು.

ಮಸೆಯುವಿಕೆ

ಮಸೆಯಲು ಸ್ಕ್ಯಾಂಡಿ ಎಲ್ಲಕ್ಕಿಂತ ಸರಳ: ಇಳಿಜಾರನ್ನು ಪೂರ್ತಿಯಾಗಿ ಕಲ್ಲಿಗೆ ಒರಗಿಸಿದರೆ ಕೋನ ತಾನಾಗಿ ಸಿಗುತ್ತದೆ, ಆದರೆ ಸವೆಸಬೇಕಾದ ಲೋಹ ಹೆಚ್ಚು. ಫ್ಲ್ಯಾಟ್ ಮತ್ತು ಹಾಲೋ ಅಲಗುಗಳ ತುದಿಯಲ್ಲಿ ಸಾಮಾನ್ಯವಾಗಿ ಇನ್ನೊಂದು ಸಣ್ಣ ಇಳಿಜಾರು ಇರುತ್ತದೆ; ಮಸೆಯುವುದು ಅದನ್ನು ಮಾತ್ರ. ವರ್ಷಗಟ್ಟಲೆ ಹೀಗೆ ಮಸೆದಂತೆ ಬಾಯಿ ಅಲಗಿನ ದಪ್ಪ ಭಾಗಕ್ಕೆ ಏರುತ್ತದೆ. ಹರಿತವಿದ್ದರೂ ಚಾಕು ತರಕಾರಿಯಲ್ಲಿ ಸಿಕ್ಕಿಕೊಳ್ಳತೊಡಗಿದರೆ ಬದಿಗಳನ್ನೂ ಸಾಣೆ ಹಿಡಿದು ತೆಳುಮಾಡಬೇಕೆಂದರ್ಥ.

ಕಾನ್ವೆಕ್ಸ್ ಬಾಯಿಯನ್ನು ಸಡಿಲವಾದ ಸಾಣೆ ಪಟ್ಟಿಯ ಮೇಲೆ, ಇಲ್ಲವೇ ಕಲ್ಲಿನ ಮೇಲೆ ಅಲಗಿನ ಬೆನ್ನನ್ನು ತುಸು ಏರಿಳಿಸುತ್ತ ಮಸೆಯುತ್ತಾರೆ. ಕೈಯಲ್ಲಿ ಮಸೆಯುವಾಗ ಈ ತೂಗಾಟ ತಾನಾಗಿ ಬರುವುದರಿಂದ, ನೇರವಾಗಿದ್ದ ಬಾಯಿಯೂ ಕಾಲಕ್ರಮೇಣ ಉಬ್ಬುತ್ತದೆ. ಬೆನ್ನನ್ನು ಅತಿಯಾಗಿ ಎತ್ತಿದರೆ ತುದಿ ಮೊಂಡಾಗುತ್ತದೆ. ಬೆಳಕಿಗೆ ಹಿಡಿದಾಗ ಬಾಯಿಯ ಉದ್ದಕ್ಕೂ ಬೆಳ್ಳಿಯ ಗೆರೆ ಹೊಳೆದರೆ ಅದು ಮೊಂಡು ಬಾಯಿ. ಹರಿತವಾದ ಬಾಯಿಯಲ್ಲಿ ಗೆರೆ ಕಾಣುವುದಿಲ್ಲ.